ಹಳಸಿದ ಅಂಕಿಗಳು

ಅನ್ನ ಹಳಸಿದರೆ ಮೂಗಿಗೆ ತಿಳಿಯುತ್ತದೆ. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ. ಅಂಕಿ ಹಳಸಿದರೆ ಮಾತ್ರ ಯಾವ ಇಂದ್ರಿಯಕ್ಕೂ ಗೋಚರವಾಗುವುದಿಲ್ಲ. ಈ ಮಾತನ್ನು ನಾನು ಸುಲಭವಾಗಿ ಕಲಿತವಳಲ್ಲ. ಕಲಿತ ಬಗೆಯನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ಔಷಧಗಳನ್ನು ಅಂಗಡಿಗಳಿಗೆ ಒದಗಿಸುವ ಒಂದು ಸಂಸ್ಥೆಯ ಬೆಂಗಳೂರಿನ ಕಚೇರಿಯಲ್ಲಿ ನನ್ನ ಕೆಲಸ. ಅಂಕಿಅಂಶಗಳನ್ನು ಕಲೆಹಾಕಿ, ಅವುಗಳ ಅರ್ಥವನ್ನು ಇತರರಿಗೆ ತಿಳಿಯುವಂತೆ ತೋರಿಸುವುದೇ ನನ್ನ ಉದ್ಯೋಗ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಸಂಸ್ಥೆಯ ಉಗ್ರಾಣಗಳುಂಟು. ಅಲ್ಲಿನ ಮಾರಾಟದ ಲೆಕ್ಕವು ಪ್ರತಿ ರಾತ್ರಿ 2 ಗಂಟೆಗೆ ತಾನಾಗಿಯೇ ನಮ್ಮ ಕಚೇರಿಯ ಗಣಕಕ್ಕೆ ನಕಲಾಗಿ, ಬೆಳಗಾಗುವಷ್ಟರಲ್ಲಿ ಒಂದು ಫಲಕದ ಮೇಲೆ ಚಿತ್ರಗಳಾಗಿ ಮೂಡುತ್ತದೆ. ಡ್ಯಾಶ್‌ಬೋರ್ಡ್ ಎಂದು ಕರೆಯುವುದು ಇದನ್ನೇ. ನಾನೇ ಕಟ್ಟಿದ ಈ ಫಲಕವು ಎರಡು ವರುಷ ಯಾವ ಗದ್ದಲವೂ ಇಲ್ಲದೆ ನಡೆದಿದ್ದಿತು. ಮನೆಯಲ್ಲಿ ಸದ್ದಿಲ್ಲದೆ ಆಡಿಕೊಂಡಿರುವ ಮಗುವನ್ನು ತಾಯಿ ಮರೆಯುವಂತೆ ನಾನೂ ಅದನ್ನು ಮರೆತಿದ್ದೆ. ಸದ್ದಿಲ್ಲದ ಮಗು ಏನು ಮಾಡುತ್ತಿದೆಯೆಂದು ಎದ್ದು ಹೋಗಿ ನೋಡಬೇಕೆಂಬುದು ಎಲ್ಲ ತಾಯಂದಿರಿಗೂ ಗೊತ್ತು. ನನಗೆ ಆಗ ಹೊಳೆಯಲಿಲ್ಲ.

2023ನೆಯ ಇಸವಿ ಜುಲೈ 5, ಬುಧವಾರ ಸಂಜೆ. ಮಂಗಳೂರಿನ ಉಗ್ರಾಣವನ್ನು ನೋಡಿಕೊಳ್ಳುವ ಹಿರಿಯರು ದೂರವಾಣಿಯಲ್ಲಿ ಕರೆದರು.

“ಮೇಡಂ, ಇನ್ಸುಲಿನ್ ಯಾವಾಗ ಕಳಿಸ್ತೀರಿ? ಇಲ್ಲಿ ಇರುವುದು ಆರೇ ಸೀಸೆ ಮಾರಾಯ್ರೆ.”

ನಾನು ಫಲಕವನ್ನು ತೆರೆದು ನೋಡಿದೆ. ಮಂಗಳೂರು, ಇನ್ಸುಲಿನ್, 420 ಸೀಸೆ. ಮೇಲ್ಗಡೆ ಆ ದಿನದ ತಾರೀಖು ಸ್ಪಷ್ಟವಾಗಿ ಕಾಣುತ್ತಿದ್ದಿತು.

“ನಮ್ಮಲ್ಲಿ ನಾನೂರಿಪ್ಪತ್ತು ತೋರಿಸುತ್ತಿದೆಯಲ್ಲ, ಸಾರ್?” ಎಂದೆ.

“ನಿಮ್ಮಲ್ಲಿ ತೋರಿಸಿದ್ದನ್ನು ನಾನು ಅಂಗಡಿಯವರಿಗೆ ಕೊಡ್ಲಿಕ್ಕೆ ಆಗುವುದಿಲ್ಲವಲ್ಲ!”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ವಾರ ಸಭೆಗೆಂದು ಮುದ್ರಿಸಿದ್ದ ಹಾಳೆ ಮೇಜಿನ ಮೇಲೆಯೇ ಇದ್ದಿತು. ಅದನ್ನು ಪರದೆಯ ಪಕ್ಕದಲ್ಲಿ ಹಿಡಿದೆ. ಮೂರು ಉಗ್ರಾಣಗಳ ಮೂವತ್ತು ದಿನದ ಮಾರಾಟದ ಮೊತ್ತವು ಎರಡರಲ್ಲಿಯೂ ಒಂದೇ, ಪೈಸೆಯವರೆಗೂ ಒಂದೇ. ವ್ಯಾಪಾರದಲ್ಲಿ ಎರಡು ವಾರಗಳ ಮೊತ್ತ ಹತ್ತಿರ ಹತ್ತಿರ ಬರುವುದುಂಟು. ಪೈಸೆಗೆ ಪೈಸೆ ಕೂಡಿಬರುವುದೆಂದರೆ ಲೆಕ್ಕ ಅಲುಗಾಡಿಲ್ಲವೆಂದೇ ಅರ್ಥ. ಕೈ ನಡುಗುತ್ತ, ನಕಲಾದ ಲೆಕ್ಕದಲ್ಲಿರುವ ಕಡೆಯ ತಾರೀಖು ಯಾವುದೆಂದು ಗಣಕವನ್ನು ಕೇಳಿದೆ. ಜೂನ್ 12 ಎಂದಿತು. ಇಪ್ಪತ್ತಮೂರು ದಿನಗಳಿಂದ ಹಳೆಯ ಅಂಕಿಗಳೇ ದಿನವೂ ಹೊಸ ತಾರೀಖನ್ನು ಹೊದ್ದು ಎಲ್ಲರ ಮುಂದೆ ಕುಳಿತಿದ್ದವು.

ಕಾರಣವನ್ನು ಮರುದಿನ ಹುಡುಕಿದರಾಯಿತು. ಮೊದಲು ಇನ್ಸುಲಿನ್ ಕಳುಹಿಸಬೇಕು. ಮೈಸೂರಿಗೆ ಕರೆಮಾಡಿ, ಫಲಕವನ್ನು ನಂಬದೆ, ಸೀಸೆಗಳನ್ನು ಕೈಯಿಂದಲೇ ಎಣಿಸಲು ಬೇಡಿಕೊಂಡೆ. 150 ಸೀಸೆಗಳನ್ನು ಬಿಟ್ಟುಕೊಡಲು ಅವರು ಒಪ್ಪಿದರು. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಟ್ಟು ಸಾಗಿಸಬೇಕು. ಆದರೆ ಮಂಜುಗಡ್ಡೆಗೆ ತಗುಲಿ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಕರಗಿಸಿ ಬಳಸುವ ಹಾಗಿಲ್ಲ. ನಡುವೆ ರಟ್ಟನ್ನಿಟ್ಟು, ಪೆಟ್ಟಿಗೆ ಕಟ್ಟಿ, ರಾತ್ರಿಯೇ ಬಂಡಿ ಹೊರಡಿಸಿದರು. ಅದು ಘಟ್ಟವನ್ನಿಳಿದು ಬೆಳಗಿನ ಜಾವಕ್ಕೆ ಮಂಗಳೂರು ಸೇರಿತು. ಅಷ್ಟರಲ್ಲಿ ಎರಡು ಅಂಗಡಿಗಳಿಗೆ ‘ಇಲ್ಲ’ ಎಂದು ಹೇಳಿಯಾಗಿತ್ತು. ಉಳಿದ ಆರು ಸೀಸೆಗಳನ್ನು ಆ ಹಿರಿಯರು ಮಾರದೆ ತೆಗೆದಿಟ್ಟಿದ್ದರು. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಒಂದು ಹೊತ್ತೂ ತಪ್ಪುವಂತಿಲ್ಲವೆಂಬುದನ್ನು ಅವರು ಬಲ್ಲರು.

ಮರುದಿನ ಕಾರಣ ಸಿಕ್ಕಿತು. ಲೆಕ್ಕವನ್ನು ನಕಲು ಮಾಡುವ ಖಾತೆಯ ಗುಪ್ತಪದವು 90 ದಿನಗಳಿಗೊಮ್ಮೆ ಬದಲಾಗಬೇಕೆಂಬುದು ಕಚೇರಿಯ ನಿಯಮ. ಮಾರ್ಚ್ 14ರಂದು ಬದಲಾಯಿಸಿದ್ದ ಪದದ ಅವಧಿ ಜೂನ್ 12ಕ್ಕೆ ಮುಗಿದಿತ್ತು. ಅಂದಿನಿಂದ ಪ್ರತಿ ರಾತ್ರಿಯೂ ನಕಲಿನ ಕೆಲಸ ಬಾಗಿಲು ತಟ್ಟಿ, ಒಳಗೆ ಬಿಡದಿರಲು, ಸುಮ್ಮನೆ ಹಿಂದಿರುಗಿತ್ತು. ಹಿಂದಿರುಗಿದಾಗ ಕೂಗಬೇಕಿತ್ತಲ್ಲ? ಕೂಗದಂತೆ ಮಾಡಿದ್ದ ಗೆರೆ ಇದು:

```
python copy_sales.py || true
```

ಕೊನೆಯ ಎರಡು ಗೀಟುಗಳು ಮತ್ತು ಒಂದು ಪದದ ಅರ್ಥವಿಷ್ಟೆ: ಕೆಲಸ ಕೆಟ್ಟರೂ ‘ನೆರವೇರಿತು’ ಎಂದು ಬರೆದುಕೊ. ಇದನ್ನು ಬರೆದವಳು ನಾನೇ. ಹಿಂದೊಮ್ಮೆ ಹುಬ್ಬಳ್ಳಿಯ ಸಂಪರ್ಕ ನಿಧಾನವಾದ ರಾತ್ರಿಗಳಲ್ಲೆಲ್ಲ ಎಚ್ಚರಿಕೆಯ ಓಲೆಗಳು ಬಂದು ನಿದ್ದೆಗೆಡಿಸುತ್ತಿದ್ದವು. ನಾಯಿ ಬೊಗಳುವುದೇಕೆಂದು ವಿಚಾರಿಸದೆ ಅದರ ಬಾಯಿ ಕಟ್ಟಿದ್ದೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಫಲಕದಲ್ಲಿ ‘ಕಳೆದ ಮೂವತ್ತು ದಿನ’ ಎಂಬುದನ್ನು ಇಂದಿನಿಂದ ಹಿಂದಕ್ಕೆ ಎಣಿಸದೆ, ಲೆಕ್ಕದಲ್ಲಿರುವ ಕಡೆಯ ತಾರೀಖಿನಿಂದ ಹಿಂದಕ್ಕೆ ಎಣಿಸಿದ್ದೆ. ಬೆಳಗಿನ ಲೆಕ್ಕ ಸ್ವಲ್ಪ ತಡವಾದರೂ ಚಿತ್ರದ ಕೊನೆ ಬರಿದಾಗಿ ಕಾಣಬಾರದೆಂದು ಹಾಗೆ ಮಾಡಿದ್ದು. ಇಂದಿನಿಂದ ಎಣಿಸಿದ್ದರೆ ದಿನಕ್ಕೊಂದು ಕಂಬ ಉದುರಿ, ವಾರದೊಳಗೆ ಯಾರಾದರೂ ಕೇಳುತ್ತಿದ್ದರು. ಮೇಲಿನ ತಾರೀಖಾದರೋ ಗಣಕದ ಗಡಿಯಾರದ್ದು, ಲೆಕ್ಕದ್ದಲ್ಲ.

ಇದರ ಫಲವನ್ನು ಬೆರಳ ಮೇಲೆ ಎಣಿಸಬಹುದು. ಮಂಗಳೂರಿನಲ್ಲಿ ದಿನಕ್ಕೆ ಸರಾಸರಿ 18 ಸೀಸೆ ಖರ್ಚಾಗುತ್ತದೆ. ಹೊಸ ಸರಕು ಬರಲು 7 ದಿನ ಬೇಕು. ಆಪತ್ತಿಗೆಂದು ಇನ್ನೂ 5 ದಿನದ್ದನ್ನು ಇಟ್ಟುಕೊಳ್ಳುತ್ತೇವೆ. ಹನ್ನೆರಡು ಹದಿನೆಂಟಲಿ 216. ದಾಸ್ತಾನು ಅಷ್ಟಕ್ಕೆ ಇಳಿದೊಡನೆ ಹೊಸದನ್ನು ತರಿಸಬೇಕು. 420 ಸೀಸೆಗಳು 216ರ ಕೆಳಗೆ ಇಳಿಯಲು ಹನ್ನೆರಡು ದಿನ ಸಾಕು. ಜೂನ್ 24ಕ್ಕೆ ಬೇಡಿಕೆ ಹೋಗಿದ್ದರೆ ಜುಲೈ 1ಕ್ಕೆ ಸರಕು ಬಂದಿರುತ್ತಿತ್ತು. ಆದರೆ ಖರೀದಿ ವಿಭಾಗದವರು ನೋಡಿದಾಗಲೆಲ್ಲ 420 ಎಂದೇ ಇದ್ದಿತು. ಇಪ್ಪತ್ತಮೂರು ದಿನಕ್ಕೆ ಖರ್ಚಾದದ್ದು 414, ಉಳಿದದ್ದು ಆರು.

ಮೇಲಧಿಕಾರಿಗಳ ಮುಂದೆ ಹೋಗಿ ನಿಂತಾಗ, ಗುಪ್ತಪದದ ಮೇಲೆ ಹೊರಿಸಿ ಬಿಡಲೇ ಎಂಬ ಆಸೆ ಒಂದು ಕ್ಷಣ ಮೂಡಿದ್ದು ನಿಜ. ಹೊರಿಸಲಿಲ್ಲ. ಆ ದಿನಗಳಲ್ಲಿ ಫಲಕವನ್ನು ನೋಡಿ ನಿರ್ಧಾರ ಕೈಗೊಂಡವರಿಗೆಲ್ಲ, ಯಾವ ದಿನ ಯಾವ ಅಂಕಿ ತಪ್ಪಾಗಿತ್ತೆಂದು ಬರೆದು ತಿಳಿಸಿದೆ. ಮೇಲಧಿಕಾರಿಗಳು ಓದಿ, “ಇನ್ನು ಮೇಲೆ ನಿಮ್ಮ ಫಲಕ ಹಳೆಯದಾದರೆ ನನಗೆ ಹೇಗೆ ತಿಳಿಯುತ್ತದಮ್ಮ?” ಎಂದು ಮಾತ್ರ ಕೇಳಿದರು. ಬೈದಿದ್ದರೆ ಮೇಲಾಗಿತ್ತು.

ಈಗ ಫಲಕದ ಮೇಲ್ಗಡೆ ಇಂದಿನ ತಾರೀಖಿಲ್ಲ. ‘ಇಲ್ಲಿಯವರೆಗಿನ ಲೆಕ್ಕ’ ಎಂದು ಲೆಕ್ಕದ ತಾರೀಖುಂಟು. ಅದನ್ನೂ ಮೊದಲು ತಪ್ಪಾಗಿಯೇ ಬರೆದಿದ್ದೆ. ಮೂರು ಉಗ್ರಾಣಗಳಲ್ಲಿ ಎಲ್ಲಕ್ಕಿಂತ ಹೊಸ ತಾರೀಖನ್ನು ತೋರಿಸಿದರೆ, ಎರಡು ನಡೆದು ಒಂದು ನಿಂತದ್ದು ಮರೆಯಾಗುತ್ತದೆ; ಎಲ್ಲಕ್ಕಿಂತ ಹಳೆಯದನ್ನೇ ತೋರಿಸಬೇಕು. ಅದು ಒಂದೂವರೆ ದಿನಕ್ಕಿಂತ ಹಿಂದುಳಿದರೆ ಅಂಕಿಗಳೇ ಅಳಿಸಿಹೋಗುತ್ತವೆ. ಎಚ್ಚರಿಕೆಯ ಕ್ರಮವನ್ನೂ ತಿರುಗಿಸಿದ್ದೇನೆ. ಕೆಲಸ ಕೆಟ್ಟಾಗ ಕೂಗುವುದರ ಬದಲು, ನೆರವೇರಿದಾಗ ಅದು ಬೇರೊಂದು ಗಣಕಕ್ಕೆ ‘ಆಯಿತು’ ಎಂದು ಹೇಳಬೇಕು. ಬೆಳಗಿನ 6 ಗಂಟೆಯೊಳಗೆ ಆ ಮಾತು ಬಾರದಿದ್ದರೆ ನನ್ನ ದೂರವಾಣಿ ಬಾರಿಸುತ್ತದೆ. ಸತ್ತವನು ಕೂಗಲಾರನಲ್ಲವೆ?

ಆದರೂ ತಾರೀಖು ಹೊಸದಾಗಿದ್ದು, ಅರ್ಧ ಲೆಕ್ಕ ಮಾತ್ರವೇ ನಕಲಾಗುವುದುಂಟು. ಅದನ್ನು ಈ ಉಪಾಯಗಳು ಹಿಡಿಯಲಾರವು. ಆದುದರಿಂದ ಪ್ರತಿ ಸೋಮವಾರ ಮಂಗಳೂರಿಗೆ ಕರೆಮಾಡುತ್ತೇನೆ. ಆ ಹಿರಿಯರು ತಮ್ಮ ಪುಸ್ತಕ ತೆಗೆದು ಮೂರು ಔಷಧಗಳ ದಾಸ್ತಾನನ್ನು ಓದುತ್ತಾರೆ. ನಾನು ಪರದೆಯನ್ನು ನೋಡುತ್ತ ಕೇಳುತ್ತೇನೆ. ಅಷ್ಟು ದಿನ ಅವರೇಕೆ ತಿಳಿಸಲಿಲ್ಲವೆಂದು ಒಮ್ಮೆ ಕೇಳಿದೆ.

“ನಿಮಗೆ ಅಲ್ಲಿ ಎಲ್ಲ ಕಾಣ್ತದೆ ಅಂತ ಹೇಳಿದ್ದರಲ್ಲ, ಮೇಡಂ,” ಎಂದರು. ಬಳಿಕ ಕನ್ನಡಕ ಸರಿಪಡಿಸಿಕೊಂಡರೆಂದು ತೋರುತ್ತದೆ, ಸ್ವಲ್ಪ ತಡೆದು, “ಇನ್ಸುಲಿನ್, ಮುನ್ನೂರ ಹನ್ನೆರಡು,” ಎಂದು ಓದತೊಡಗಿದರು.