‘ಆಗವಲ್ದು’ ಅಂದ್ರೆ ಏನು ಆಗವಲ್ದು?

ನಮ್ಮ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಬೆಳಗ್ಗೆ ಐದೂವರೆಗೇ ಮೆಸೇಜ್ ಬರೋಕೆ ಶುರುವಾಗುತ್ತೆ. ನಾವು ಬಳ್ಳಾರಿಯಲ್ಲಿ ಪಂಪ್‌ಸೆಟ್‌ಗೆ ಬೇಕಾದ ಸ್ಟಾರ್ಟರ್, ಪ್ಯಾನಲ್ ಬೋರ್ಡ್ ಮಾರಿ, ಹೊಲಕ್ಕೆ ಹೋಗಿ ಕೂರಿಸಿ ಕೊಡುವವರು. ಮೊಬೈಲ್ ಸ್ಟಾರ್ಟರ್ ಕೂಡ ಕೊಡ್ತೀವಿ. ಅದರೊಳಗೆ ಒಂದು ಸಿಮ್ ಇರುತ್ತೆ. ಮನೆಯಲ್ಲಿ ಕೂತು ಆ ನಂಬರಿಗೆ ಫೋನ್ ಮಾಡಿದರೆ ಹೊಲದಲ್ಲಿ ಮೋಟರ್ ಚಾಲೂ ಆಗುತ್ತೆ. ಸರ್ವಿಸ್ ಫೋನ್ ನೋಡಿಕೊಳ್ಳೋದು ನನ್ನ ಕೆಲಸ. ಬರುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪದದವು: ‘ಆಗವಲ್ದು.’

ಹೋದ ಜುಲೈನಲ್ಲಿ ಒಂದು ಗುರುವಾರ ಹತ್ತು ನಿಮಿಷದ ಅಂತರದಲ್ಲಿ ಅಂಥವು ಎರಡು ಬಂದವು. ಸಿರುಗುಪ್ಪದ ಕಡೆಯಿಂದ ಒಂದು, ‘ವರ್ಕ್ ಆಗವಲ್ದು’. ಕುರುಗೋಡಿನಿಂದ ಇನ್ನೊಂದು, ‘ನಡಿಯವಲ್ದು, ಲಗೂನ ಮಂದಿ ಕಳಸ್ರಿ’. ನಮ್ಮಲ್ಲಿ ಅವತ್ತು ಇದ್ದದ್ದು ಒಬ್ಬರೇ ಮೆಕ್ಯಾನಿಕ್, ಒಂದೇ ಬೈಕ್. ಕುರುಗೋಡು ಸುಮಾರು 30 ಕಿ.ಮೀ., ಸಿರುಗುಪ್ಪ ಸುಮಾರು 55. ಒಂದು ಕಡೆ ಹೋದರೆ ಇನ್ನೊಂದು ಕಡೆಯವರಿಗೆ ಅವತ್ತಿನ ಕರೆಂಟ್ ಹೋದ ಹಾಗೇ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡೋದು ದಿನಕ್ಕೆ 7 ತಾಸು ಅಂತ ಲೆಕ್ಕ. ಆ ಏಳು ತಾಸಿನೊಳಗೆ ನೀರು ಹಾಯಬೇಕು.

ನಾನಿರೋದು ಕೌಂಟರ್ ಹಿಂದೆ. ಅವರಿರೋದು ಮೋಟರ್ ಎದುರಿಗೆ. ಅವರ ಕಣ್ಣಿಗೆ ಎಲ್ಲಾ ಕಾಣ್ತಿರುತ್ತೆ, ಹಾಗಾಗಿ ‘ಅದು’ ಯಾವುದು ಅಂತ ಬಿಡಿಸಿ ಹೇಳಬೇಕು ಅನ್ನಿಸೋದೇ ಇಲ್ಲ. ಆದರೆ ಆ ‘ಅದು’ ಅವರ ಫೋನ್ ಇರಬಹುದು, ಬಾಕ್ಸ್‌ನ ಸಿಮ್ ಇರಬಹುದು, ಕರೆಂಟ್, ಸ್ಟಾರ್ಟರ್, ಮೋಟರ್, ಪಂಪು, ಪೈಪು ಏನು ಬೇಕಾದರೂ ಇರಬಹುದು.

ಕುರುಗೋಡಿನದು ಬೇಗ ಮುಗಿಯಿತು. ‘ಅಣ್ಣಾ, ನೀವು ಏನ್ ಮಾಡಿದ್ರಿ, ಆಮೇಲೆ ಏನಾತು, ಅಷ್ಟೇ ಹೇಳ್ರಿ’ ಅಂದೆ. ‘ಫೋನ್ ಹಚ್ಚಿದೆ. ರಿಂಗ್ ಆಗಿ ಕಟ್ ಆಗ್ತೈತಿ. ತಿರುಗಿ ಫೋನ್ ಬರವಲ್ದು’ ಅಂದರು. ಮೋಟರ್ ಏನಾಗಿದೆ ಅಂತ ಕೇಳಿದರೆ ಅವರು ಹೊಲದಲ್ಲೇ ಇಲ್ಲ, ಮನೆಯಲ್ಲಿದ್ದಾರೆ! ರಿಂಗ್ ಆಗ್ತಿದೆ ಅಂದರೆ ಬಾಕ್ಸ್‌ಗೆ ಸಿಗ್ನಲ್ ಇದೆ, ಜೀವ ಇದೆ. ಆ ಮಾಡೆಲ್ ಫೋನ್ ಕಟ್ ಮಾಡಿ, ಕೆಲಸ ಮಾಡಿ, ತಾನೇ ವಾಪಸ್ ಫೋನ್ ಮಾಡಿ ‘ಮೋಟರ್ ಆನ್’ ಅನ್ನುತ್ತೆ. ವಾಪಸ್ ಫೋನ್ ಮಾತ್ರ ಬರ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಬಾಕ್ಸ್‌ನ ಸಿಮ್‌ಗೆ ರೀಚಾರ್ಜ್ ಇದೆಯಾ ಅಂತ. ರೀಚಾರ್ಜ್ ಮುಗಿದಾಗ ಮೊದಲು ಹೊರಗೆ ಹೋಗುವ ಕರೆ ನಿಲ್ಲುತ್ತೆ, ಒಳಗೆ ಬರುವ ಕರೆ ಇನ್ನೊಂದಿಷ್ಟು ದಿನ ನಡೆಯುತ್ತೆ. ರೀಚಾರ್ಜ್ ಮಾಡ್ತಿದ್ದ ಮಗ ಬೆಂಗಳೂರಲ್ಲಿ, ಮರೆತಿದ್ದಾನೆ. ಆಳನ್ನು ಹೊಲಕ್ಕೆ ಕಳಿಸಿ ನೋಡಿದರೆ ಮೋಟರ್ ಆರಾಮಾಗಿ ನಡೀತಾ ಇತ್ತು. ‘ನಡಿಯವಲ್ದು’ ಅಂದದ್ದು ಬಾಕ್ಸ್‌ನ ಉತ್ತರಕ್ಕೆ.

ಸಿರುಗುಪ್ಪದ ಅಣ್ಣನದು ಹಾಗಾಗಲಿಲ್ಲ. ಹೊಳೆ ದಂಡೆಯಲ್ಲಿ ಅವರದು ಏಳೂವರೆ ಎಚ್.ಪಿ. ಮಾನೊಬ್ಲಾಕ್. ಭತ್ತ ನಾಟಿ ಮಾಡಿ ಎಂಟು ದಿನ. ಗದ್ದೆ ಬಿರುಕು ಬಿಡೋ ಹೊತ್ತಲ್ಲ ಅದು.

ಇಲ್ಲಿ ಒಂದು ಮಾತು. ‘ಕರೆಂಟ್ ಐತಾ?’ ಅನ್ನೋದು ಕೆಲಸಕ್ಕೆ ಬಾರದ ಪ್ರಶ್ನೆ. ಮೋಟರ್ ಮನೆಯ ಬಲ್ಬ್ ಉರೀತಿದ್ದರೆ ‘ಐತಿ’ ಅಂತಾರೆ. ಬಲ್ಬ್‌ಗೆ ಒಂದು ಫೇಸ್ ಸಾಕು, ಮೋಟರ್‌ಗೆ ಮೂರೂ ಬೇಕು. ಅದಕ್ಕೆ ನಾನು ಕೇಳೋದು, ‘ಪ್ಯಾನಲ್ ಮೇಲೆ ಕೆಂಪು, ಹಳದಿ, ನೀಲಿ ದೀಪ ಅದಾವಲ್ಲ, ಎಷ್ಟು ಉರೀತಾವು?’ ಅಂತ. ಹೌದು-ಇಲ್ಲ ಅನ್ನೋಕೆ ಆಗದ, ಎಣಿಸಿಯೇ ಹೇಳಬೇಕಾದ ಪ್ರಶ್ನೆ.

‘ಮೂರೂ ಉರೀತಾವವ್ವಾ.’
‘ಮೋಟರ್ ತಿರುಗ್ತೈತಾ, ಇಲ್ಲಾ ಬರೇ ಗುಂಯ್ ಅಂತೈತಾ?’
‘ತಿರುಗ್ತೈತಿ.’
‘ಹಂಗಾದ್ರ ಏನು ಆಗವಲ್ದು ಅಣ್ಣಾ?’
‘ನೀರು.’
‘ಒಂದ್ ಹನೀನೂ ಬರವಲ್ದಾ?’
‘ಬರ್ತೈತಿ. ಸಾಲವಲ್ದು.’

ಇಷ್ಟು ತಿಳಿಯೋಕೆ ಇಪ್ಪತ್ತು ನಿಮಿಷ ಬೇಕಾಯ್ತು, ಯಾಕಂದ್ರೆ ಮಧ್ಯೆ ಮಧ್ಯೆ ಅವರು ಬೈಯೋದೂ ಇತ್ತು. ಅದು ಸಹಜ. ಆದರೆ ‘ವರ್ಕ್ ಆಗವಲ್ದು’ ಅನ್ನೋದು ‘ನೀರು ಬರ್ತಿದೆ, ಅರ್ಧ ಬರ್ತಿದೆ’ ಅಂತ ಆಯ್ತಲ್ಲ, ಅಲ್ಲಿಗೆ ಹುಡುಕಬೇಕಾದ ಜಾಗವೇ ಬದಲಾಯ್ತು.

ಆಮೇಲೆ ವಿಡಿಯೊ ಕೇಳಿದೆ. ಮಂದಿ ಫೋಟೊ ಕಳಿಸುವಾಗ ಕೆಟ್ಟಿದೆ ಅಂತ ತಮಗನ್ನಿಸಿದ ಭಾಗದ್ದೇ ಕಳಿಸ್ತಾರೆ. ಅದಕ್ಕೆ ನಡುವೆ ನಿಲ್ಲಿಸದೆ ಹದಿನೈದು ಸೆಕೆಂಡ್, ಮೊದಲು ಪ್ಯಾನಲ್, ಆಮೇಲೆ ಪಂಪು, ಆಮೇಲೆ ಪೈಪಿನ ಬಾಯಿ ಅಂತ ಹೇಳ್ತೀನಿ. ಸದ್ದೂ ಕೇಳಿಸಬೇಕು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನ ತಂಗಿಗೆ ಇದನ್ನ ಹೇಳಿದಾಗ ನಕ್ಕಳು. ಅವರ ಲೈನ್‌ನಲ್ಲೂ ಇದೇ ಗೋಳಂತೆ. ಪುಟ್ಟಿ ಅನ್ನೋ ಸಾಫ್ಟ್‌ವೇರ್ ಮಾಡಿದ ಸೈಮನ್ ಟೇಥಮ್ 1999ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದಿದ್ದಾರಂತೆ. ಕೆಟ್ಟದ್ದು ರಿಪೇರಿ ಮಾಡುವವನ ಕಣ್ಣೆದುರೇ ಕೆಡುವ ಹಾಗೆ ಮಾಡಿ ತೋರಿಸಿ, ಆಗದಿದ್ದರೆ ಏನು ಮಾಡಿದಿರಿ, ಏನು ಕಂಡಿರಿ ಅಂತ ಪೂರ್ತಿ ಹೇಳಿ ಅನ್ನೋದು ಅದರ ತಿರುಳು. ನನ್ನ ಹದಿನೈದು ಸೆಕೆಂಡಿನ ವಿಡಿಯೊ ಕೂಡ ಅದೇ ಆಯ್ತಲ್ಲ.

ವಿಡಿಯೊದಲ್ಲಿ ಆಂಪಿಯರ್ ಮುಳ್ಳು 10ರ ಹತ್ತಿರ ಇತ್ತು. ಬೋರ್ಡ್ ಕೂರಿಸಿದ ದಿನ ನಾವು ಬರೆದಿಟ್ಟದ್ದು ಹತ್ತೂವರೆ. ನಮ್ಮ ಮೆಕ್ಯಾನಿಕ್ ಅಷ್ಟರಲ್ಲಿ ‘ಫುಟ್‌ವಾಲ್ವ್‌ಗೆ ಕಸ ಕಟ್ಟಿರ್ತೈತಿ’ ಅಂತ ಹೊಸ ವಾಲ್ವ್ ಚೀಲಕ್ಕೆ ಹಾಕಿಕೊಂಡಾಗಿತ್ತು. ಆದರೆ ಕಸ ಕಟ್ಟಿ ನೀರು ಕಡಿಮೆಯಾದರೆ ಪಂಪಿನ ಮೇಲೆ ಭಾರವೂ ಕಡಿಮೆಯಾಗಿ ಆಂಪಿಯರ್ ಇಳಿಯುತ್ತೆ. ಇಲ್ಲಿ ಹೆಚ್ಚೇನೂ ಇಳಿದಿರಲಿಲ್ಲ. ಮೋಟರ್ ಪೂರ್ತಿ ದುಡೀತಿದೆ, ನೀರು ಮಾತ್ರ ಅರ್ಧ.

ಇಂಥಲ್ಲಿ ನಾನು ಕೇಳೋ ಪ್ರಶ್ನೆ ಒಂದಿದೆ. ‘ಕಡೇ ಸಲ ಪೂರ್ತಿ ನೀರು ಬಂದಿದ್ದು ಯಾವಾಗ?’
‘ಸೋಮವಾರ.’
‘ಸೋಮವಾರದಿಂದ ಇವತ್ತಿನ ಮಟ ಏನು ಬದಲಾಗೈತಿ?’
‘ಏನಿಲ್ಲ.’

ಈ ಉತ್ತರ ಯಾವತ್ತೂ ಬರೋದೇ. ತಮ್ಮ ಕೈಯಿಂದ ಏನೂ ಆಗಿಲ್ಲ ಅನ್ನೋ ಅರ್ಥದಲ್ಲಿ ಹೇಳ್ತಾರೆ. ಅದಕ್ಕೇ ‘ಯಾರ್ ಯಾರು ಬಂದಿದ್ರು ಹೊಲಕ್ಕೆ? ಲೈನ್‌ನೋರೂ ಸೇರಿಸಿ ಹೇಳ್ರಿ’ ಅಂತ ತಿರುಗಿಸಿ ಕೇಳಿದೆ. ಆಗ ಬಂತು. ಟಿ.ಸಿ. ಸುಟ್ಟು, ಮಂಗಳವಾರ ಹೊಸದು ಕೂರಿಸಿದ್ದರು. ಬಾಜೂ ಹೊಲದ ಮೋಟರ್? ‘ಅವರದೂ ನೀರು ಕಮ್ಮಿನ. ಹೊಳಿ ಇಳಿದೈತಿ ಅಂತಾರ.’ ತುಂಗಭದ್ರೆ ಅವತ್ತು ಏರುತ್ತಿದ್ದಳೇ ಹೊರತು ಇಳಿದಿರಲಿಲ್ಲ.

ಒಂದೇ ಟಿ.ಸಿ.ಯ ಕೆಳಗಿನ ಎರಡು ಮೋಟರ್, ಒಂದೇ ದಿನದಿಂದ ಒಂದೇ ತೊಂದರೆ. ಟಿ.ಸಿ. ಬದಲಿಸುವಾಗ ಮೂರು ತಂತಿಯಲ್ಲಿ ಯಾವುದೋ ಎರಡು ಅದಲುಬದಲಾದರೆ ತ್ರೀ ಫೇಸ್ ಮೋಟರ್ ಉಲ್ಟಾ ತಿರುಗುತ್ತೆ. ಮಾನೊಬ್ಲಾಕ್ ಉಲ್ಟಾ ತಿರುಗಿದರೂ ನೀರು ಪೂರ್ತಿ ನಿಲ್ಲಲ್ಲ, ಒತ್ತಡ ಹೋಗಿ ಕಡಿಮೆ ಬರುತ್ತೆ. ಸದ್ದೂ ಹೆಚ್ಚುಕಡಿಮೆ ಅದೇ. ಅದಕ್ಕೇ ಮಂದಿ ಹೊಳೆಯನ್ನ ಬೈತಾರೆ, ವಾಲ್ವ್ ಬದಲಿಸ್ತಾರೆ. ಖಾತ್ರಿ ಮಾಡಿಕೊಳ್ಳೋದು ಕಷ್ಟವಲ್ಲ. ಪಂಪಿನ ಮೈಮೇಲೆ ಬಾಣದ ಗುರುತು ಇರುತ್ತೆ. ಮೋಟರ್ ಬಂದ್ ಮಾಡಿ, ಅದು ನಿಧಾನವಾಗಿ ನಿಲ್ಲುವಾಗ ಹಿಂದಿನ ಫ್ಯಾನ್ ಯಾವ ಕಡೆ ತಿರುಗ್ತಿದೆ ಅಂತ ದೂರದಿಂದಲೇ ವಿಡಿಯೊ ಮಾಡಿಸಿದೆ. ಬಾಣ ಒಂದು ಕಡೆ, ಫ್ಯಾನ್ ಇನ್ನೊಂದು ಕಡೆ.

ಆದರೂ ಒಂದು ಲೆಕ್ಕ ತಾಳೆಯಾಗಲಿಲ್ಲ. ನಾವು ಕೊಟ್ಟ ಬಾಕ್ಸ್ ಫೇಸ್ ಉಲ್ಟಾ ಆದರೆ ಮೋಟರ್ ಚಾಲೂ ಮಾಡೋಕೇ ಬಿಡಲ್ಲ. ಹಾಗಿದ್ದಮೇಲೆ ತಿರುಗ್ತಿರೋದು ಹೇಗೆ? ಯಾರೋ ಬಾಕ್ಸ್ ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ದಾರೆ ಅಂತಲೇ ಅರ್ಥ. ಇದನ್ನ ‘ಯಾರು ಡೈರೆಕ್ಟ್ ಮಾಡಿದ್ದು?’ ಅಂತ ಕೇಳಿದರೆ ಕತೆ ಮುಗೀತು, ಬಾಯಿ ಬಿಡಲ್ಲ. ಗ್ಯಾರಂಟಿ ಹೋಗುತ್ತೇನೋ ಅನ್ನೋ ಭಯ ಇರುತ್ತೆ, ಮನೆಯವರನ್ನ ಬಿಟ್ಟುಕೊಡೋಕೂ ಆಗಲ್ಲ.

‘ಅಣ್ಣಾ, ಮಂಗಳವಾರ ಬಾಕ್ಸ್ ಭಾಳ ತ್ರಾಸ್ ಕೊಡ್ತಾ?’ ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹ್ಞೂಂ ನೋಡವ್ವಾ. ಎಷ್ಟ್ ಸಲ ಹಚ್ಚಿದ್ರೂ ಚಾಲೂ ಆಗವಲ್ದು, ಕೆಂಪು ಲೈಟ್ ಹೊಡ್ಕೊತಿತ್ತು. ಇಂಗ್ಲಿಷಿನಾಗ ಏನೋ ಬರ್ತಿತ್ತು. ಗದ್ದಿ ಒಣಗ್ತೈತಿ ಅಂತ ನಮ್ಮ ಅಳಿಯ ಡೈರೆಕ್ಟ್ ಕೊಟ್ಟ.’

ಇಂಗ್ಲಿಷಿನಲ್ಲಿ ಬರ್ತಿದ್ದದ್ದು PHASE REVERSE. ಬಾಕ್ಸ್ ಮಂಗಳವಾರವೇ ಹೇಳಿಬಿಟ್ಟಿತ್ತು. ಅವರು ಮೊದಲು ‘ವರ್ಕ್ ಆಗವಲ್ದು’ ಅಂದುಕೊಂಡದ್ದು ಬಾಕ್ಸ್‌ಗೆ. ಗುರುವಾರ ನನಗೆ ಅದೇ ಪದ ಬರೆದದ್ದು ನೀರಿಗೆ. ಮಧ್ಯದಲ್ಲಿ ಆದ ಡೈರೆಕ್ಟ್ ಮೆಸೇಜ್‌ನಲ್ಲಿ ಎಲ್ಲೂ ಇರಲಿಲ್ಲ. ಈ ಹೊತ್ತಲ್ಲಿ ಒಂದು ಫೇಸ್ ಹೋಗಿದ್ದರೆ ತಡೆಯೋಕೆ ಏನೂ ಇರಲಿಲ್ಲ, ಮೋಟರ್ ವೈಂಡಿಂಗ್ ಸುಟ್ಟಿರೋದು. ನಾಟಿ ಟೈಮಲ್ಲಿ ರಿವೈಂಡಿಂಗ್‌ಗೆ ಕ್ಯೂ ಹೇಗಿರುತ್ತೆ ಅಂತ ಸಿರುಗುಪ್ಪದವರಿಗೆ ನಾನು ಹೇಳಬೇಕಿಲ್ಲ.

ಎರಡು ತಂತಿ ಅದಲುಬದಲು ಮಾಡಿದರೆ ಮುಗೀತು, ಐದು ನಿಮಿಷದ ಕೆಲಸ. ಆದರೆ ‘ನೀವೇ ಮಾಡ್ಕೊಳ್ರಿ’ ಅಂತ ನಾನು ಫೋನಲ್ಲಿ ಹೇಳಲ್ಲ. ಕೆಸರು ಕಾಲು, ಒದ್ದೆ ಕೈ, ಡೈರೆಕ್ಟ್ ಮಾಡಿದ ಬೋರ್ಡ್. ಎಲ್ಲಿ ಯಾವ ತಂತಿ ಇದೆಯೋ ವಿಡಿಯೊದಲ್ಲಿ ಗೊತ್ತಾಗಲ್ಲ. ಮೋಟರ್ ಬಂದ್ ಮಾಡಿ ಯಾರೂ ಮುಟ್ಟಬೇಡಿ ಅಂತ ಹೇಳಿ ಮೆಕ್ಯಾನಿಕ್ ಅವರನ್ನ ಸಿರುಗುಪ್ಪಕ್ಕೇ ಕಳಿಸಿದೆ. ಫುಟ್‌ವಾಲ್ವ್ ಚೀಲದಿಂದ ತೆಗೆದಿಟ್ಟು ಹೋದರು, ಸ್ವಲ್ಪ ಮುಖ ಗಂಟು ಹಾಕಿಕೊಂಡೇ. ಅವತ್ತಿನ ಕರೆಂಟ್ ಇನ್ನೂ ಎರಡು ತಾಸು ಇರುವಾಗ ಮುಟ್ಟಿದರು. ಮೇನ್ ತೆಗೆದು, ತಂತಿ ಬದಲಿಸಿ, ಡೈರೆಕ್ಟ್ ಬಿಚ್ಚಿ ಬಾಕ್ಸ್ ಮತ್ತೆ ಜೋಡಿಸಿದರು. ಪೈಪಿನ ಬಾಯಿ ತುಂಬಾ ನೀರು. ಬಾಜೂ ಹೊಲದವರದೂ ಮಾಡಿ ಬಂದರು, ಅವರು ನಮ್ಮ ಗಿರಾಕಿ ಅಲ್ಲದಿದ್ದರೂ.

ಆಮೇಲೆ ನಾವು ಪ್ಯಾನಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸೋಕೆ ಶುರು ಮಾಡಿದ್ವಿ. ಕೂರಿಸಿದ ದಿನದ ಆಂಪಿಯರ್, ವೋಲ್ಟೇಜ್, ಮತ್ತೆ ಬಾಕ್ಸ್ ತೋರಿಸೋ ನಾಲ್ಕೈದು ಇಂಗ್ಲಿಷ್ ಪದಗಳ ಎದುರು ಕನ್ನಡದಲ್ಲಿ ಅರ್ಥ. PHASE REVERSE ಎದುರು ‘ಲೈನ್ ಉಲ್ಟಾ, ಡೈರೆಕ್ಟ್ ಮಾಡಬೇಡಿ, ಫೋನ್ ಮಾಡಿ’ ಅಂತಿದೆ.

ಸಿರುಗುಪ್ಪದ ಅಣ್ಣನ ಮುಂದಿನ ಮೆಸೇಜ್ ಬಂದದ್ದು ಸೆಪ್ಟೆಂಬರ್‌ನಲ್ಲಿ. ‘ಮೂರೂ ಲೈಟ್ ಅದಾವು. ಮೋಟರ್ ಬಾಣದ ಕಡೀಗೇ ತಿರುಗ್ತೈತಿ. ಆಂಪಿಯರ್ 7ಕ್ಕೆ ಇಳಿದೈತಿ. ನೀರು ಕಮ್ಮಿ. ಟಿ.ಸಿ. ಯಾರೂ ಮುಟ್ಟಿಲ್ಲ, ಅಳಿಯನೂ ಮುಟ್ಟಿಲ್ಲ.’ ಮೆಕ್ಯಾನಿಕ್‌ಗೆ ತೋರಿಸಿದೆ. ಓದಿ, ಏನೂ ಮಾತಾಡದೆ ಹೋಗಿ ಫುಟ್‌ವಾಲ್ವ್ ತಂದು ಚೀಲಕ್ಕೆ ಹಾಕಿಕೊಂಡರು.