ಬಸ್ಸು ಬಂದಳು, ಬಸ್ಸು ಬಂದ

ನಮ್ಮ ಮಗಳು ಚಿಕ್ಕವಳಿದ್ದಾಗ ಡೊಂಬಿವಲಿಯ ಮನೆಯ ಗ್ಯಾಲರಿಯಲ್ಲಿ ನಿಂತು, "ಅಮ್ಮಾ, ಬಸ್ಸು ಬಂದಳು!" ಎಂದು ಕೂಗುತ್ತಿದ್ದಳು. ಹಿಂದಿಯಲ್ಲಿ ಬಸ್ಸು ಹೆಣ್ಣು, ಮರಾಠಿಯಲ್ಲೂ ಹೆಣ್ಣು. ಕೂಸು ಅದನ್ನೇ ಕನ್ನಡಕ್ಕೆ ತಂದಿತ್ತು. ಮನೆಗೆ ನೆಂಟರು ಬಂದಾಗ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ ನಕ್ಕವರು ನಾವೇ. ಮೂವತ್ತು ವರ್ಷಗಳ ಮೇಲೆ, 2023ರ ಮೇ ತಿಂಗಳಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಅದೇ ಮಗಳ ಮಗ, ನಾಲ್ಕು ವರ್ಷದ ಪೋರ, ನಮ್ಮ ಕೈ ಹಿಡಿದುಕೊಂಡು, "ಅಜ್ಜೀ, ಬಸ್ಸು ಬಂದ!" ಎಂದ.

ಮುಂಬಯಿಗೂ ಸ್ಟುಟ್‌ಗಾರ್ಟಿಗೂ 1968ರಿಂದ ಸೋದರ ನಗರಗಳೆಂಬ ಸಂಬಂಧವಿದೆ. ಆದರೆ ನಾವು ಹೋದದ್ದು ಆ ನಂಟಿನಿಂದಲ್ಲ, ಮಗಳ ಎರಡನೆಯ ಬಾಣಂತನಕ್ಕೆ. ವೀಸಾ ಕೊಟ್ಟದ್ದು ತೊಂಬತ್ತು ದಿನಗಳಿಗೆ. ಆ ತೊಂಬತ್ತು ದಿನಗಳಲ್ಲಿ ಮೊಮ್ಮಗನ ಕನ್ನಡವನ್ನು ತಿದ್ದಿ ಬರುವುದೆಂದು ನಾವಿಬ್ಬರೂ ಇಲ್ಲಿಂದ ಹೊರಡುವಾಗಲೇ ಸಂಕಲ್ಪ ಮಾಡಿದ್ದೆವು. ಹಾಗಾಗಿ "ಬಂದ ಅಲ್ಲ ಪುಟ್ಟಾ, ಬಂತು" ಎಂದೆವು. ಊಟಕ್ಕೆ ಕೂತಾಗ "ಚಮಚ ಬಿದ್ದ" ಎಂದ. "ಬಿದ್ದ ಅಲ್ಲ, ಬಿತ್ತು." ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲಿರುತ್ತದೆ. ಎಂಟು ಗಂಟೆಗೆ ಮಲಗೆಂದರೆ ಕಿಟಕಿಯತ್ತ ಬೆರಳು ಮಾಡಿ, "ಸೂರ್ಯ ಇನ್ನೂ ಎದ್ದೇ ಇದ್ದಾಳೆ, ನಾನ್ಯಾಕೆ ಮಲಗಲಿ?" ಎಂದು ಕೇಳಿದ. ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದು ಮೆಚ್ಚುವುದನ್ನು ಬಿಟ್ಟು, "ಇದ್ದಾಳೆ ಅಲ್ಲ, ಇದ್ದಾನೆ" ಎಂದು ತಿದ್ದಿದೆವು.

ಮೂರನೆಯ ವಾರದ ಹೊತ್ತಿಗೆ ಹುಡುಗ ನಮ್ಮೊಡನೆ ಕನ್ನಡ ಆಡುವುದನ್ನೇ ನಿಲ್ಲಿಸಿದ. ಕೇಳಿದ್ದಕ್ಕೆಲ್ಲ ಜರ್ಮನಿಯಲ್ಲಿ ಉತ್ತರ, ಇಲ್ಲವೇ ಬರೀ ತಲೆಯಾಡಿಸುವುದು. ಮಗುವಿಗೆ ಹಾಲೂಡಿಸುತ್ತಿದ್ದ ಮಗಳು ತಲೆ ಎತ್ತದೆ ಹೇಳಿದಳು: "ನನಗೂ ಹೀಗೇ ಮಾಡಿದ್ದಿರಿ. ನಾನು ಹಿಂದಿಯಲ್ಲಿ ಉತ್ತರ ಕೊಡೋಕೆ ಶುರು ಮಾಡಿದ್ದು ಯಾವಾಗ ಅಂತ ನಿಮಗೆ ನೆನಪಿಲ್ಲ." ನಿಜವಾಗಿಯೂ ನಮಗೆ ನೆನಪಿರಲಿಲ್ಲ.

ಹುಡುಗ ಏನು ಹೇಳುತ್ತಾನೆಂಬುದಾದರೂ ತಿಳಿಯಲಿ ಎಂದು ಬಡಾವಣೆಯ ವಾಚನಾಲಯದಲ್ಲಿ ವಾರಕ್ಕೆರಡು ದಿನ ನಡೆಯುವ ಧರ್ಮಾರ್ಥ ಜರ್ಮನ್ ಪಾಠಕ್ಕೆ ನಾವು ಹೆಸರು ಹಚ್ಚಿದೆವು. ಪಾಠ ಹೇಳುವವರು ನಿವೃತ್ತ ಶಿಕ್ಷಕಿ. ಜೊತೆಗೆ ಕೂಡುವವರಲ್ಲಿ ಒಬ್ಬರು ತುರ್ಕಿ ಮಹಿಳೆ. ಅವರ ಭಾಷೆಯಲ್ಲಿ ಅವನಿಗೂ ಅವಳಿಗೂ ಅದಕ್ಕೂ ಒಂದೇ ಮಾತಂತೆ. ಇನ್ನೊಬ್ಬರು ಉಕ್ರೇನಿನವರು. ಅವರಲ್ಲಿ ಮೂರು ಲಿಂಗಗಳುಂಟು, ಹಾಗಾಗಿ ಅವರು ಸ್ವಲ್ಪ ಧೈರ್ಯವಾಗಿದ್ದರು.

ಮೊದಲ ದಿನವೇ ಕೈಗೆ ಒಂದು ಅಭ್ಯಾಸದ ಹಾಳೆ ಬಂತು. ಇಪ್ಪತ್ತು ಚಿತ್ರ, ಇಪ್ಪತ್ತು ನಾಮಪದ, ಪ್ರತಿಯೊಂದರ ಹಿಂದೆಯೂ ಖಾಲಿ ಗೆರೆ. ಗಂಡಾದರೆ ಡೇರ್, ಹೆಣ್ಣಾದರೆ ಡೀ, ನಪುಂಸಕವಾದರೆ ಡಾಸ್ ಎಂದು ತುಂಬಬೇಕು. (ಮರಾಠಿಯಲ್ಲಿ ಡಾಸ್ ಎಂದರೆ ಸೊಳ್ಳೆ. ಅದರಿಂದ ಒಂದಾದರೂ ಬೇಗ ನೆನಪಿನಲ್ಲಿ ಉಳಿಯಿತು.) ಹತ್ತೊಂಬತ್ತು ಚಿತ್ರಗಳು ಅಡುಗೆಮನೆಯ ವಸ್ತುಗಳು, ಕೊನೆಯದು ಒಬ್ಬ ಹುಡುಗಿ. ಇದರಲ್ಲಿ ಕಷ್ಟವೇನು? ಜೀವವಿಲ್ಲದ್ದೆಲ್ಲ ನಪುಂಸಕವೆಂದು ಕನ್ನಡ ಶಾಲೆಯಲ್ಲಿ ಕಲಿತವರು ನಾವು. ಹತ್ತೊಂಬತ್ತಕ್ಕೂ ಡಾಸ್ ಬರೆದು, ಹುಡುಗಿಗೆ ಮಾತ್ರ ಡೀ ಬರೆದು ಎಲ್ಲರಿಗಿಂತ ಮೊದಲು ಹಾಳೆ ಒಪ್ಪಿಸಿದೆವು.

ಇಪ್ಪತ್ತಕ್ಕೆ ಐದು ಬಂತು. ಚಾಕು, ಲೋಟ, ಬ್ರೆಡ್ಡು, ಮೊಟ್ಟೆ, ಉಪ್ಪು, ಇವಿಷ್ಟೇ ಡಾಸ್. ಒಂದೇ ತಟ್ಟೆಯ ಪಕ್ಕದಲ್ಲಿ ಮಲಗಿರುವ ಮೂರರಲ್ಲಿ ಚಮಚ ಗಂಡು, ಡೇರ್ ಲೊಫೆಲ್. ಮುಳ್ಳುಚಮಚ ಹೆಣ್ಣು, ಡೀ ಗಾಬೆಲ್. ಚಾಕು ನಪುಂಸಕ, ಡಾಸ್ ಮೆಸರ್. ಇನ್ನು ಭರವಸೆಯಿಂದ ಡೀ ಬರೆದಿದ್ದ ಹುಡುಗಿ ನಪುಂಸಕ, ಡಾಸ್ ಮೇಡ್‌ಶೆನ್!

ಹುಡುಗಿಯ ವಿಷಯದಲ್ಲಿ ಶಿಕ್ಷಕಿ ಕಾರಣ ಕೊಟ್ಟರು. ಪದದ ಕೊನೆಯ 'ಶೆನ್' ಎಂಬುದು ಯಾವುದನ್ನಾದರೂ ಪುಟ್ಟದು ಮಾಡುವ ಪ್ರತ್ಯಯ, ಅದು ಹತ್ತಿದ ಪದವೆಲ್ಲ ನಪುಂಸಕ. ಇದರಲ್ಲಿ ನಾವು ನಗುವಂಥದ್ದೇನೂ ಇಲ್ಲವೆಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. "ಮಗು ಅತ್ತಿತು" ಎನ್ನುವವರು ನಾವು. ನಮ್ಮ ಧಾರವಾಡದ ಕಡೆ ವರಪರೀಕ್ಷೆ ಕನ್ಯಾಪರೀಕ್ಷೆ ಮುಗಿಸಿ ಬಂದವರು "ಹುಡುಗಿ ಚಲೋ ಅದ" ಎಂದೇ ಹೇಳುತ್ತಾರೆ.

ಉಳಿದವುಗಳಿಗೆ ಕಾರಣ ಹುಡುಕಬೇಡಿ, ಪದದ ಬಾಲ ನೋಡಿ ಎಂಬುದು ಅವರ ಪಾಠ. 'ಎ' ಎಂದು ಮುಗಿಯುವ ವಸ್ತುಗಳ ಹೆಸರು ಬಹುಮಟ್ಟಿಗೆ ಹೆಣ್ಣು: ಕಪ್ಪಿಗೆ ಟಾಸೆ, ದೀಪಕ್ಕೆ ಲಾಂಪೆ. ಆದರೆ ಚೀಸಿಗೆ ಹೇಳುವ ಕೇಸೆ ಗಂಡು, ಅದನ್ನು ಬಾಯಿಪಾಠ ಮಾಡಬೇಕು. 'ಉಂಗ್' ಎಂದು ಮುಗಿಯುವ ಹೆಸರುಗಳು, ವೃತ್ತಪತ್ರಿಕೆಯ ತ್ಸೈಟುಂಗ್, ಮನೆಯ ವೋನುಂಗ್ ಮುಂತಾದವು, ಹೆಣ್ಣು. ವಾರಗಳೂ ತಿಂಗಳುಗಳೂ ಗಂಡು. ಎರಡು ಪದ ಕೂಡಿದರೆ ಕೊನೆಯ ಪದದ ಲಿಂಗವೇ ಇಡೀ ಪದಕ್ಕೆ. ಕಾಫಿ ಗಂಡು, ಕಪ್ಪು ಹೆಣ್ಣು, ಕಾಫಿಕಪ್ಪು ಹೆಣ್ಣು. ಚಹಾ ಗಂಡು, ಚಮಚ ಗಂಡು, ಚಹಾಚಮಚ ಗಂಡು. ಉತ್ತರಪದಕ್ಕೆ ಪ್ರಾಧಾನ್ಯವಿದ್ದರೆ ತತ್ಪುರುಷವೆಂದು ಬೆತ್ತದ ಏಟಿನಿಂದ ಕಲಿತ ನಮಗೆ ಈ ಒಂದು ನಿಯಮ ತವರುಮನೆಯದಾಗಿ ಕಂಡಿತು. ಬಾಲದಿಂದ ಏನೂ ತಿಳಿಯದ ಪದಗಳೇ ಹೆಚ್ಚು. ಅವುಗಳಿಗಾಗಿ ಮೂರು ಬಣ್ಣದ ಪೆನ್ಸಿಲ್ಲು ತಂದೆವು. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ನಪುಂಸಕಕ್ಕೆ ಹಸಿರು. ಮಗಳ ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಣ್ಣದ ಚೀಟಿಗಳು ಅಂಟಿದವು.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಪದ ಸರಿಯಾಗಿ ಹೇಳಿದ ಮೇಲೆ ಹಿಂದಿನ ಈ ತುಣುಕು ತಪ್ಪಾದರೆ ಆಗುವ ನಷ್ಟವೇನು? ಅದಕ್ಕೆ ಉತ್ತರ ನಾಲ್ಕನೆಯ ವಾರದ ಹಾಳೆಯಲ್ಲಿತ್ತು. "ನನಗೆ ಒಂದು ಚಮಚ ಬೇಕು, ಒಂದು ಮುಳ್ಳುಚಮಚ ಬೇಕು, ಒಂದು ಚಾಕು ಬೇಕು" ಎಂಬ ಅರ್ಥದ ವಾಕ್ಯಗಳು. 'ಒಂದು' ಎಂಬುದು ಚಮಚಕ್ಕೆ ಐನ್, ಮುಳ್ಳುಚಮಚಕ್ಕೆ ಐನೆ, ಚಾಕುವಿಗೆ ಮತ್ತೆ ಐನ್. ಆದರೆ ಆ ವಸ್ತು ಕರ್ಮಸ್ಥಾನಕ್ಕೆ ಬಂದೊಡನೆ ಗಂಡಿನ ಐನ್ ಮಾತ್ರ ಐನೆನ್ ಆಗುತ್ತದೆ, ಡೇರ್ ಎಂಬುದು ಡೇನ್ ಆಗುತ್ತದೆ. ಹೆಣ್ಣೂ ನಪುಂಸಕವೂ ಇದ್ದಂತೆಯೇ ಇರುತ್ತವೆ. ನಾವು ಎಲ್ಲಕ್ಕೂ ಐನ್ ಬರೆದಿದ್ದೆವು. ಶಿಕ್ಷಕಿ ಹಲಗೆಯ ಮೇಲೆ ಎರಡು ವಾಕ್ಯ ಬರೆದರು. "ಡೇರ್ ಹುಂಡ್ ಸೂಖ್ಟ್ ಡೇನ್ ಮನ್" ಎಂದರೆ ನಾಯಿ ಮನುಷ್ಯನನ್ನು ಹುಡುಕುತ್ತದೆ. "ಡೇನ್ ಹುಂಡ್ ಸೂಖ್ಟ್ ಡೇರ್ ಮನ್" ಎಂದರೆ ನಾಯಿಯನ್ನು ಮನುಷ್ಯ ಹುಡುಕುತ್ತಾನೆ. ನಾಯಿ, ಹುಡುಕು, ಮನುಷ್ಯ, ಮೂರೂ ಪದಗಳು ಇದ್ದ ಜಾಗದಲ್ಲೇ ಇವೆ. ತಿರುಗಿದ್ದು ಆ ಸಣ್ಣ ತುಣುಕುಗಳು ಮಾತ್ರ.

ಆಗ ನಮ್ಮ ಕಣ್ಣು ತೆರೆಯಿತು. ನಾವು 'ಅನ್ನು' ಎಂಬುದನ್ನು ಪದದ ಬೆನ್ನಿಗೆ ಕಟ್ಟುತ್ತೇವೆ, ಅವರು ಪದದ ಮುಂದೆ ನಿಲ್ಲಿಸುತ್ತಾರೆ. ಡೇರ್ ಡೀ ಡಾಸ್ ಎಂಬುವು ಬರೀ ಅಲಂಕಾರಗಳಲ್ಲ, ಮುಂದೆ ಬಂದು ನಿಂತ ವಿಭಕ್ತಿ ಪ್ರತ್ಯಯಗಳು! ಪದ ಗಂಡೋ ಅಲ್ಲವೋ ತಿಳಿಯದಿದ್ದರೆ ಈ ತುಣುಕನ್ನು ತಿರುಗಿಸಬೇಕೋ ಬೇಡವೋ ತಿಳಿಯುವುದಿಲ್ಲ. ಅದಕ್ಕೇ ಅವರು ಪದವನ್ನು ಬರಿಮೈಯಲ್ಲಿ ಕಲಿಯಲು ಬಿಡುವುದಿಲ್ಲ. ಲೊಫೆಲ್ ಎಂದು ಕಲಿಯದೆ ಡೇರ್‌ಲೊಫೆಲ್ ಎಂದು ಒಂದೇ ಉಸಿರಿನಲ್ಲಿ ಕಲಿಯಬೇಕು.

ಅದೇ ವಾರ ರೈಲಿನಲ್ಲಿ ಒಂದು ತಾಸಿನ ದಾರಿಯ ಟ್ಯೂಬಿಂಗೆನ್ನಿಗೆ ಹೋಗಿಬಂದೆವು. ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದ ಕಿಟ್ಟೆಲ್ ಸಾಹೇಬರು 1903ರಲ್ಲಿ ಕಾಲವಾದದ್ದು ಆ ಊರಿನಲ್ಲಿ. ಅವರು ಹುಟ್ಟಿನಿಂದ ಬಾಯಲ್ಲಿದ್ದ ಗಂಡು ಚಮಚ, ಹೆಣ್ಣು ಕಪ್ಪುಗಳನ್ನು ಬದಿಗಿಟ್ಟು ಎಲ್ಲವನ್ನೂ 'ಅದು' ಎನ್ನಲು ಕಲಿತಿರಬೇಕು. ನಾವು ಅದೇ ದಾರಿಯಲ್ಲಿ ಎದುರುಗಡೆಯಿಂದ ಬರುತ್ತಿದ್ದೆವು.

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ಹಾಳೆಯಲ್ಲಿ. ನಾಮಪದದ ಬದಲಿಗೆ ಸರ್ವನಾಮ ತುಂಬುವ ಪಾಠ. ಡೇರ್ ಆದರೆ ಏರ್, ಎಂದರೆ ಅವನು. ಡೀ ಆದರೆ ಜೀ, ಅವಳು. ಡಾಸ್ ಆದರೆ ಎಸ್, ಅದು. ಮೊದಲನೆಯ ಪ್ರಶ್ನೆ: ಬಸ್ಸು ಎಲ್ಲಿ? ಡೇರ್ ಬುಸ್, ಆದ್ದರಿಂದ ಉತ್ತರ "ಏರ್ ಕಾಮ್ಟ್", ಅವನು ಬರುತ್ತಾನೆ. ಎರಡನೆಯದು ಬಿದ್ದ ಚಮಚ. ಅದೂ ಏರ್, ಅವನು. ಮೂರನೆಯದು ಸೂರ್ಯ: ಡೀ ಜೊನ್ನೆ. ಜೀ, ಅವಳು!

ಹಾಳೆಯ ಮೇಲೆ ಪೆನ್ಸಿಲ್ಲು ನಿಂತುಬಿಟ್ಟಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಮೂರು ಬಣ್ಣದ ಪೆನ್ಸಿಲ್ಲು ಹಿಡಿದು ತಿಂಗಳಿಂದ ತಿಣುಕುತ್ತಿದ್ದ ಪಾಠವನ್ನು ಆ ಪೋರ ಒಂದು ತಪ್ಪಿಲ್ಲದೆ ಕಲಿತು, ಅದನ್ನು ಹಾಗೇ ಕನ್ನಡಕ್ಕೆ ಹೊತ್ತು ತಂದು ನಮ್ಮ ಮುಂದಿಟ್ಟಿದ್ದ. ಬಸ್ಸು ಬಂದ, ಚಮಚ ಬಿದ್ದ, ಸೂರ್ಯ ಎದ್ದಿದ್ದಾಳೆ. ಮೂರಕ್ಕೆ ಮೂರೂ ಸರಿ. ಕನ್ನಡ ಬಾರದ್ದರಿಂದ ಆದ ತಪ್ಪು ಅದಾಗಿರಲಿಲ್ಲ. ಅವನ ತಾಯಿಯ "ಬಸ್ಸು ಬಂದಳು" ಕೂಡ ಹಾಗೆಯೇ ಇದ್ದಿರಬೇಕು. ನಾವು ನೆಂಟರನ್ನು ಕೂಡಿಸಿಕೊಂಡು ನಕ್ಕದ್ದು ಮೂರು ಭಾಷೆಗಳನ್ನು ಒಟ್ಟಿಗೆ ಹೊತ್ತು ನಡೆಯುತ್ತಿದ್ದ ಕೂಸಿನ ಮೇಲೆ.

ಅಂದು ಸಂಜೆ ಹಾಳೆಯನ್ನು ಮೊಮ್ಮಗನ ಮುಂದೆ ಹರಡಿ, "ಇದನ್ನು ನಮಗೆ ಹೇಳಿಕೊಡ್ತೀಯಾ?" ಎಂದು ಕೇಳಿದೆವು. ಮೊದಲು ಅನುಮಾನದಿಂದ ನೋಡಿದ. ಚಾಕುವಿನ ಚಿತ್ರ ತೋರಿಸಿ ನಾವು "ಡೇರ್ ಮೆಸರ್" ಎಂದೆವು. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಜ್ಜೀ, ಡೇರ್ ಅಲ್ಲ, ಡಾಸ್!" ಎಂದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಕನ್ನಡ ಪದ ಆ 'ಅಲ್ಲ'. ಅದನ್ನು ಅವನಿಗೆ ಕಲಿಸಿದವರು ನಾವೇ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ತಿದ್ದುವುದನ್ನು ಬಿಟ್ಟೆವು. ಅವನು "ಬಸ್ಸು ಬಂದ" ಎಂದರೆ, "ಹೌದು ಪುಟ್ಟಾ, ಬಂತು, ಹತ್ತು" ಎಂದಷ್ಟೇ ಹೇಳಿ ಹತ್ತುತ್ತಿದ್ದೆವು. ಸರಿಯಾದ ರೂಪ ಕಿವಿಗೆ ಬಿದ್ದರೆ ಸಾಕು, ಬೇಕಾದಾಗ ಎತ್ತಿಕೊಳ್ಳಲಿ ಎಂದುಕೊಂಡೆವು. ಹೊರಡುವ ದಿನದವರೆಗೂ ಅವನ ಬಸ್ಸು ಗಂಡಾಗಿಯೇ ಉಳಿಯಿತು, ಆದರೆ ಅವನು ಅದನ್ನು ಹೇಳುತ್ತಿದ್ದುದು ಕನ್ನಡದಲ್ಲಿ. ನಮ್ಮ ಕೊನೆಯ ಹಾಳೆಗೆ ಇಪ್ಪತ್ತಕ್ಕೆ ಹದಿನಾಲ್ಕು ಬಂತು. ಹೋದ ಆರರಲ್ಲಿ ಆ ಹಾಳು ಚೀಸೂ ಒಂದು.

ಊರಿಗೆ ಮರಳಿದ ಮರುದಿನ ಸ್ಟೇಷನ್ನಿಗೆ ಹೋಗಲು ಡೊಂಬಿವಲಿಯ ನಿಲ್ದಾಣದಲ್ಲಿ ನಿಂತಿದ್ದೆವು. ದೂರದಲ್ಲಿ ಕೆಂಪು ಬಸ್ಸು ಕಂಡಿತು. ನಮ್ಮಿಬ್ಬರಲ್ಲಿ ಯಾರು ಎಂದು ಕೇಳಬೇಡಿ, ಒಬ್ಬರ ಬಾಯಿಂದ ಥಟ್ಟನೆ ಬಂತು: "ನೋಡಿ, ಬಂದ!"