ಒಂದು ರಬ್ಬರ್ ಉರುಳೆಗಾಗಿ ಬರೆದ ಎರಡು ಪತ್ರ

‘ನಮ್ಮವ್ವ ಹಿಂಗ ಹಾಡ್ತಿದ್ದಿಲ್ರೀ. ದನಿ ಅಕೀದ, ಆದ್ರ ಜ್ವರ ಬಂದವರಂಗ ಹಾಡ್ಯಾಳ.’

ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ, ಕಟ್ಟೆಯ ಮೇಲೆ ಕುಳಿತು ನನ್ನ ಲ್ಯಾಪ್‌ಟಾಪಿನಿಂದ ತಾಯಿಯ ಬೀಸುವ ಪದ ಕೇಳಿದ ಎಪ್ಪತ್ತು ದಾಟಿದ ಮಗಳು ಹೇಳಿದ ಮಾತಿದು. ತೀರಿಹೋದ ಶಾಲಾ ಮಾಸ್ತರರೊಬ್ಬರು ಧ್ವನಿಮುದ್ರಿಸಿಟ್ಟಿದ್ದ ಟೇಪಿನ ಸುರುಳಿಗಳು ಅವರ ಮನೆಯವರಿಂದ ನನ್ನ ಕೈಗೆ ಬಂದಿದ್ದವು, ಜೊತೆಗೆ ಅವರದೇ ಯಂತ್ರವೂ. ನಾಲ್ಕು ಸುರುಳಿಗಳನ್ನು ಆಗಲೇ ಕಂಪ್ಯೂಟರಿಗೆ ಇಳಿಸಿಕೊಂಡು, ಹಾಡುಗಳ ಲಯದ ಬಗ್ಗೆ ಪ್ರಬಂಧದಲ್ಲಿ ಎರಡು ಪುಟ ಬರೆದೂ ಆಗಿತ್ತು. ಅಜ್ಜಿಯ ಮಾತು ಕೇಳಿದ ಮೇಲೆ ಆ ಎರಡು ಪುಟದ ಮೇಲೆ ನನಗೇ ನಂಬಿಕೆ ಉಳಿಯಲಿಲ್ಲ.

ಯಂತ್ರ ಜರ್ಮನಿಯ ಊಹರ್ 4000 ರಿಪೋರ್ಟ್. 1961ರಲ್ಲಿ ಮೊದಲು ಬಂದ ಈ ಮಾದರಿಯನ್ನು ಹೆಗಲಿಗೆ ತೂಗುಹಾಕಿಕೊಂಡು ಊರೂರು ಅಲೆಯಬಹುದಿತ್ತು. ಐದು ದಪ್ಪ ಸೆಲ್ ಹಾಕಿದರೆ ನಡೆಯುತ್ತದೆ, ಐದಿಂಚಿನ ಸುರುಳಿ ಹಿಡಿಯುತ್ತದೆ. ನಾಲ್ಕು ವೇಗಗಳಿವೆ. ಮಾಸ್ತರರು ಬಳಸಿದ್ದು ಸೆಕೆಂಡಿಗೆ 9.5 ಸೆಂಟಿಮೀಟರ್.

ಮೊದಲು ಸೆಲ್ ಬದಲಿಸಿ ನೋಡಿದೆ. ಏನೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಒಂದು ಖಾಲಿ ಟೇಪಿನ ಮೇಲೆ ಸರಿಯಾಗಿ 9.5 ಮೀಟರ್ ಅಳೆದು ಎರಡು ಕಡೆ ಗುರುತು ಮಾಡಿದೆ. ವೇಗ ಸರಿಯಿದ್ದರೆ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ 100 ಸೆಕೆಂಡು ಹಿಡಿಯಬೇಕು. ಹಿಡಿದದ್ದು 106. ಕೇಳಲು ಸಣ್ಣದು, ಆದರೆ ಸಂಗೀತದಲ್ಲಿ ಅದು ಸುಮಾರು ಅರ್ಧ ಸ್ವರ: ಹಾರ್ಮೋನಿಯಮ್ಮಿನ ಕರಿ ಎರಡರಲ್ಲಿ ಹಾಡಿದ್ದು ಬಿಳಿ ಎರಡಕ್ಕೆ ಇಳಿದಂತೆ. ಲಯವೂ ಅಷ್ಟೇ ನಿಧಾನ. ಅಜ್ಜಿ ಹೇಳಿದ ಜ್ವರ ಇದೇ.

ಆಗಲೇ ಗಾಬರಿಯಲ್ಲಿ ಮೊದಲ ಪತ್ರ ಬರೆದದ್ದು. ಹಳೆಯ ಟೇಪ್ ಯಂತ್ರಗಳ ಬಿಡಿಭಾಗ ಮಾರುವ ಜರ್ಮನಿಯ ಒಬ್ಬ ವ್ಯಾಪಾರಿಗೆ: ‘ನನ್ನ ಬಳಿ ಹಳೆಯ ಊಹರ್ ಯಂತ್ರವಿದೆ, ನಿಧಾನವಾಗಿ ಓಡುತ್ತಿದೆ, ಬಿಡಿಭಾಗಗಳ ಬೆಲೆ ತಿಳಿಸಿ.’ ಮೂರು ವಾರ ಉತ್ತರವಿಲ್ಲ. ಸಿಟ್ಟು ಬಂತು. ಈಗ ಆ ಪತ್ರ ಓದಿದರೆ ನಾನೂ ಉತ್ತರ ಬರೆಯುತ್ತಿರಲಿಲ್ಲ. ಔಷಧದಂಗಡಿಗೆ ಹೋಗಿ ‘ಮೈಗೆ ಹುಷಾರಿಲ್ಲ, ರೇಟು ಎಷ್ಟು?’ ಅಂದಂತಿತ್ತು.

ಎರಡನೆಯದನ್ನು ಬರೆಯುವ ಮೊದಲು, ಯಾವ ಭಾಗ ಕೆಟ್ಟಿದೆ ಎಂಬುದು ನನಗೇ ಗೊತ್ತಾಗಬೇಕಿತ್ತು. ಈ ಯಂತ್ರದಲ್ಲಿ ಟೇಪನ್ನು ಎಳೆಯುವುದು ಸುರುಳಿಯಲ್ಲ. ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಡ್ಡಿ ತಿರುಗುತ್ತಿರುತ್ತದೆ. ಪಿಂಚ್ ರೋಲರ್ ಎಂಬ ರಬ್ಬರ್ ಉರುಳೆ ಟೇಪನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ನಿಧಾನವಾಗಲು ಮುಖ್ಯವಾಗಿ ಎರಡು ದಾರಿ. ಕಡ್ಡಿಯೇ ನಿಧಾನವಾಗಿ ತಿರುಗುತ್ತಿರಬೇಕು, ಅಂದರೆ ತಪ್ಪು ಅದನ್ನು ತಿರುಗಿಸುವ ಭಾಗಗಳದ್ದು. ಇಲ್ಲವೇ ಕಡ್ಡಿ ಸರಿಯಾಗಿ ತಿರುಗುತ್ತಿದ್ದರೂ ಟೇಪು ಜಾರುತ್ತಿರಬೇಕು, ಅಂದರೆ ಉರುಳೆಯದ್ದು. ಖಾಲಿ ಟೇಪು ಓಡುತ್ತಿರುವಾಗ ಉರುಳೆ ದಾಟಿದ ಮೇಲಿನ ಭಾಗವನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಎಳೆದೆ. ವೇಗ ತಟ್ಟನೆ ಏರಿತು. ಗಟ್ಟಿಯಾಗಿ ಹಿಡಿಯುವ ಉರುಳೆ ಹಾಗೆ ಬಿಟ್ಟುಕೊಡುವುದಿಲ್ಲ. ಉರುಳೆಯ ಮೈ ಮುಟ್ಟಿ ನೋಡಿದೆ: ಗಾಜಿನಂತೆ ನುಣುಪು, ಉಗುರು ಊರಿದರೂ ಗುರುತು ಬೀಳದು.

ಆರು ಪ್ರತಿಶತ ತಾನೇ, ಕಂಪ್ಯೂಟರಿನಲ್ಲಿ ವೇಗ ಏರಿಸಿಕೊಂಡರಾಯಿತಲ್ಲ ಎಂದು ಗೆಳೆಯನೊಬ್ಬ ಹೇಳಿದ. ಅದಕ್ಕೂ ಅಳೆದು ನೋಡಿದೆ. ಸುರುಳಿ ತುಂಬಿರುವಾಗ ಅದೇ ದೂರಕ್ಕೆ 104 ಸೆಕೆಂಡು, ಮುಗಿಯುತ್ತ ಬಂದಾಗ 108. ಎಡಗಡೆಯ ಸುರುಳಿ ಖಾಲಿಯಾಗಿ ಸಣ್ಣದಾದಂತೆ ಅದರ ತಡೆ ಟೇಪನ್ನು ಹೆಚ್ಚು ಬಲವಾಗಿ ಹಿಂದಕ್ಕೆ ಜಗ್ಗುತ್ತದೆ, ಜಾರುವ ಉರುಳೆ ಇನ್ನಷ್ಟು ಜಾರುತ್ತದೆ. ಹಾಡಿನ ಮೊದಲಿಗೂ ಕೊನೆಗೂ ಬೇರೆ ಬೇರೆ ತಪ್ಪು ಇದ್ದಾಗ, ಒಂದೇ ತಿದ್ದುಪಡಿಯಿಂದ ಏನು ಸರಿಹೋಗುತ್ತದೆ?

ಇನ್ನು ಮಾದರಿ. ಮುಂಭಾಗದಲ್ಲಿ ‘4000 ರಿಪೋರ್ಟ್’ ಎಂದಷ್ಟೇ ಕಂಡು ನಾನು ಅದನ್ನೇ ಬರೆಯುತ್ತಿದ್ದೆ. ಆದರೆ ಆ ಹೆಸರಿನಲ್ಲಿ ಎಸ್, ಎಲ್, ಐಸಿ ಎಂದು ವರ್ಷಗಳ ಅಂತರದಲ್ಲಿ ಬಂದ ಬೇರೆ ಬೇರೆ ಯಂತ್ರಗಳಿವೆ. 4200, 4400 ಎಂಬ ಸ್ಟೀರಿಯೊ ಅಣ್ಣತಮ್ಮಂದಿರೂ ಇದ್ದಾರೆ. ಹೊರಗಿನಿಂದ ಎಲ್ಲ ಒಂದೇ ಮುಖ. ಚರ್ಮದ ಚೀಲದಿಂದ ತೆಗೆದು ತಿರುಗಿಸಿದಾಗ ತಳದಲ್ಲಿ ಪಟ್ಟಿ ಸಿಕ್ಕಿತು: ರಿಪೋರ್ಟ್-ಎಲ್. ಸೀರಿಯಲ್ ನಂಬರಿನ ಕೊನೆಯ ಅಂಕಿ ಸವೆದು 3 ಎಂತಲೂ 8 ಎಂತಲೂ ಓದಬಹುದಿತ್ತು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಸ್ಪಷ್ಟವಾಗಲಿಲ್ಲ. ಊಹಿಸಿ ಬರೆಯುವ ಬದಲು ‘3 ಅಥವಾ 8’ ಎಂದೇ ಬರೆದು ಪಟ್ಟಿಯ ಫೋಟೊ ಸೇರಿಸಿದೆ.

ಎರಡನೆಯ ಪತ್ರ ಹೀಗಿತ್ತು:

‘ಊಹರ್ 4000 ರಿಪೋರ್ಟ್-ಎಲ್ ಯಂತ್ರಕ್ಕೆ ಪಿಂಚ್ ರೋಲರ್ ಒಂದು ಬೇಕು. ಸೀರಿಯಲ್ ನಂಬರ್ ಮತ್ತು ಪಟ್ಟಿಯ ಚಿತ್ರ ಲಗತ್ತಿಸಿದ್ದೇನೆ. ಹಳೆಯ ಉರುಳೆಯ ಹೊರ ವ್ಯಾಸ, ಒಳ ರಂಧ್ರ, ಅಗಲ ಮೂರನ್ನೂ ಕ್ಯಾಲಿಪರಿನಿಂದ ಅಳೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಚಿತ್ರ ತೆಗೆದಿದ್ದೇನೆ. 9.5 ಸೆಂ.ಮೀ. ವೇಗದಲ್ಲಿ ಯಂತ್ರ ಸುಮಾರು ಆರು ಪ್ರತಿಶತ ನಿಧಾನ. ಟೇಪು ಉರುಳೆಯ ಬಳಿ ಜಾರುತ್ತಿದೆ. ಈ ಭಾಗ ನಿಮ್ಮಲ್ಲಿ ಇದೆಯೇ, ಬೆಲೆ ಎಷ್ಟು, ಭಾರತಕ್ಕೆ ಕಳಿಸಲು ಎಷ್ಟು, ಯಾವಾಗ ಕಳಿಸಬಲ್ಲಿರಿ?’

ಎರಡೇ ದಿನಕ್ಕೆ ಉತ್ತರ. ಕೊನೆಯ ಅಂಕಿ 3 ಆದರೂ 8 ಆದರೂ ಉರುಳೆ ಅದೇ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ನನ್ನ ಪೆನ್ಸಿಲ್ ಸಾಹಸಕ್ಕೆ ಅಷ್ಟೇ ಬೆಲೆ. ಮುಂದಿನದು ಮಾತ್ರ ನಾನು ಎಣಿಸಿರದ ಸಂಗತಿ. ಕಂಪನಿಯ ಮೂಲ ಉರುಳೆ, ಪೊಟ್ಟಣ ಒಡೆಯದ್ದು, ತಮ್ಮಲ್ಲಿ ಇದೆ. ಆದರೆ ಅದನ್ನು ಕೊಳ್ಳಬೇಡಿ. ಪೊಟ್ಟಣದೊಳಗೆ ಕುಳಿತರೂ ರಬ್ಬರಿಗೆ ವಯಸ್ಸಾಗುತ್ತದೆ. ಅದೂ ನಿಮ್ಮದರಷ್ಟೇ ಹಳೆಯದು. ಹಳೆಯ ಲೋಹದ ಒಳತುಂಡಿಗೆ ಹೊಸ ರಬ್ಬರ್ ಹೊದಿಸಿದ್ದು 28 ಯೂರೋ, ಕಳಿಸಲು 34.

ಉರುಳೆಗಿಂತ ಅದರ ಪ್ರಯಾಣ ದುಬಾರಿ. ಹುಬ್ಬಳ್ಳಿಯಲ್ಲಿ ಮುದ್ರಣ ಯಂತ್ರದ ರೋಲರುಗಳಿಗೆ ರಬ್ಬರ್ ಹಾಕುವವರನ್ನು ಕೇಳೋಣವೇ ಅನ್ನಿಸಿತು. ವೇಗವನ್ನು ನಿರ್ಧರಿಸುವುದು ಉಕ್ಕಿನ ಕಡ್ಡಿಯ ದಪ್ಪ ಮತ್ತು ಅದು ತಿರುಗುವ ವೇಗ, ಉರುಳೆಯ ದಪ್ಪವಲ್ಲ. ಹಾಗಾಗಿ ಹೊರ ವ್ಯಾಸ ಕೂದಲೆಳೆ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆದರೆ ರಂಧ್ರ ನಟ್ಟನಡುವೆ ಇರಬೇಕು, ಮೈ ಸಮವಾಗಿರಬೇಕು. ಒಂದು ಬದಿ ಉಬ್ಬಿದ್ದರೆ ಪ್ರತಿ ಸುತ್ತಿಗೂ ದನಿ ಒಮ್ಮೆ ತೂಗಾಡುತ್ತದೆ. ಉರುಳೆಯ ಸುತ್ತಳತೆ ಐದು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಈ ವೇಗದಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ. ಉದ್ದಕ್ಕೆ ಎಳೆದು ಹಾಡುವ ಸ್ವರದಲ್ಲಿ ಅದು ಗಮಕವೋ ಯಂತ್ರದ ದೋಷವೋ ಯಾರು ಹೇಳಬೇಕು? ಫೆಲೋಶಿಪ್ ಹಣ ಬರುವವರೆಗೆ ಕಾದು, ಜರ್ಮನಿಯಿಂದಲೇ ತರಿಸಿದೆ. ಸುಂಕ ಬೇರೆ ಬಿತ್ತು.

ಹಾಕಲು ಹತ್ತು ನಿಮಿಷ ಸಾಕಾಯಿತು. ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಖಾಲಿ ಟೇಪು ಓಡಿಸಿದೆ. ಸುರುಳಿಯ ಮೊದಲಲ್ಲೂ ಕೊನೆಯಲ್ಲೂ ನೂರೂವರೆ ಸೆಕೆಂಡು. ಆಮೇಲೆ ನಾಲ್ಕೂ ಸುರುಳಿಗಳನ್ನು ಮೊದಲಿನಿಂದ ಇಳಿಸಿಕೊಂಡು, ಪ್ರಬಂಧದ ಆ ಎರಡು ಪುಟ ಅಳಿಸಿದೆ.

ಕಳೆದ ತಿಂಗಳು ಮತ್ತೆ ಅದೇ ಕಟ್ಟೆಗೆ ಹೋದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಈಗ ಅವ್ವ ಆತು’ ಅಂದರು. ಆಮೇಲೆ ಹುಬ್ಬು ಗಂಟಿಕ್ಕಿ, ‘ಇನ್ನೊಮ್ಮಿ ಹಚ್ಚರಿ ನೋಡೂಣು. ಹಿಂದ ಬೊಗಳೂದು ನಮ್ಮ ನಾಯಿ ಅಲ್ಲ.’